ಬಾಲ ಕಂಡರೆ ಹೆಸರು ಸಿಕ್ಕಂತೆ

ಮಲೆನಾಡಿನ ಕಾಫಿ ತೋಟದಲ್ಲಿ ಕಟ್ಟಿದ ಕ್ಯಾಮೆರಾದ ಇರುಳ ಚಿತ್ರವೊಂದನ್ನು ನೋಡೋಣ: ಎರಡು ಬೆಳ್ಳನೆಯ ಕಣ್ಣು, ಹಿಂದೆ ಬೂದು ಮೈ. ಕಣ್ಣಿನ ಹಿಂಪದರ ಬೆಳಕನ್ನು ಹಿಂದಿರುಗಿಸುವುದರಿಂದ ಆ ಹೊಳಪು. ಕಾಡುಹಂದಿಗೆ ಆ ಪದರವಿಲ್ಲ, ಹಾಗಾಗಿ ಅದನ್ನು ಬಿಡಬಹುದು. ಆದರೆ ಇನ್‌ಫ್ರಾರೆಡ್ ಚಿತ್ರ ಕಪ್ಪುಬಿಳುಪು. ಕಣ್ಣಿನ ಬಣ್ಣ ನೋಡಿ ಹೆಸರು ಹೇಳುವುದು ಬರೀ ಊಹೆ.

ಮುಂದಿನದು ಮೈಕಟ್ಟು. ಕಾಡುಬೆಕ್ಕಿಗೆ ನೀಳ ಕಾಲು, ಮೋಟು ಮೂತಿ. ಚಿತ್ರದ ಪ್ರಾಣಿಗೆ ಗಿಡ್ಡ ಕಾಲು, ಚೂಪು ಮೂತಿ, ಉದ್ದನೆಯ ಮೈ. ಅಂದರೆ ಪುನುಗು ಬೆಕ್ಕೋ ಮರಬೆಕ್ಕೋ ಇರಬೇಕು.

ಇಲ್ಲಿ ತೀರ್ಪು ಕೊಡುವುದು ಬಾಲ. ಪುನುಗು ಬೆಕ್ಕಿನ ಬಾಲದುದ್ದಕ್ಕೂ ಕಪ್ಪು ಬಳೆಗಳಿರುತ್ತವೆ, ಬೆನ್ನ ಮೇಲೆ ಗೆರೆಗಳು, ಪಕ್ಕೆಯಲ್ಲಿ ಸಾಲು ಚುಕ್ಕೆಗಳು. ಮರಬೆಕ್ಕಿನದು ಬಳೆಯಿಲ್ಲದ ಕಪ್ಪು ಬಾಲ, ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ನಮ್ಮ ಚಿತ್ರದಲ್ಲಿ ಬಳೆಗಳು ಸ್ಪಷ್ಟ: ಅದು ಪುನುಗು ಬೆಕ್ಕು.

ಬಾಲ ಎಲೆಮರೆಯಾಗಿದ್ದರೆ? ಕ್ಯಾಮೆರಾ ಬೆನ್ನುಬೆನ್ನಿಗೆ ತೆಗೆದ ಚಿತ್ರಗಳನ್ನು ಸಾಲಾಗಿಟ್ಟು ನಡಿಗೆ ಗಮನಿಸಬೇಕು. ಪುನುಗು ಬೆಕ್ಕು ಬೆರಳ ಮೇಲೆ ನಡೆಯುತ್ತದೆ. ಮರಬೆಕ್ಕು ಪಾದವನ್ನು ಹೆಚ್ಚು ಊರಿ, ಮೈ ತಗ್ಗಿಸಿ ಸಾಗುತ್ತದೆ. ಓಡುವ ಪ್ರಾಣಿಯ ಚಿತ್ರ ಕಲಸಿಹೋದಾಗ ಬಳೆಗಳೂ ಅಳಿಸಿದಂತೆ ಕಾಣುವುದುಂಟು. ಅಂಥದ್ದನ್ನು ‘ಗುರುತಾಗದ ಸಣ್ಣ ಮಾಂಸಾಹಾರಿ’ ಎಂದೇ ದಾಖಲಿಸುವುದು ಸರಿ. ತಪ್ಪು ಹೆಸರು ಬರೆದರೆ ತೋಟದ ಇಡೀ ಪಟ್ಟಿಯೇ ಕೆಡುತ್ತದೆ.