ದೀಪಾವಳಿ ವ್ಯಾಪಾರ ಹೆಚ್ಚಿದ್ದು ಜಾಹೀರಾತಿನಿಂದಲೇ?

ದೀಪಾವಳಿ ಅಮಾವಾಸ್ಯೆಯಂದು ಭಗವಾನ್ ಮಹಾವೀರರ ನಿರ್ವಾಣ ಪೂಜೆ ಮುಗಿಸಿ ಅಂಗಡಿಗೆ ಬಂದು ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚುವ ಮನೆಗಳು ನಮ್ಮಲ್ಲಿ ಬಹಳ. ಆದಾಯ ತೆರಿಗೆಯವರ ವರ್ಷ ಮಾರ್ಚ್‌ಗೆ ಮುಗಿದರೂ ನಮ್ಮ ಮನಸ್ಸಿನ ವರ್ಷ ಮುಗಿಯುವುದು ಆ ದಿನವೇ. ಈಗೀಗ ಆ ಹೊತ್ತಿಗೆ ಅಂಗಡಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಈ ಸಲ ಜಾಹೀರಾತಿಗೆ ಜಾಸ್ತಿ ಹಾಕಿದೆವು, ನೋಡಿ, ವ್ಯಾಪಾರ ಹೇಗೆ ಏರಿತು! ಮುಂದಿನ ಸಲ ಇದರ ಎರಡರಷ್ಟು ಹಾಕೋಣ." ಜಾಹೀರಾತಿನವರು ತಂದು ತೋರಿಸುವ ಕಾಗದದಲ್ಲೂ ಎರಡು ಗೆರೆಗಳು ಒಟ್ಟೊಟ್ಟಿಗೆ ಮೇಲೇರಿರುತ್ತವೆ. ಸಾಲ ತಂದು ಜಾಹೀರಾತಿಗೆ ಹಾಕುವ ಮನೆಗಳೂ ಇರುವುದರಿಂದ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಒಂದು ಜವಳಿ ಅಂಗಡಿ ಹುಬ್ಬಳ್ಳಿಯಲ್ಲಿದೆ ಎಂದಿಟ್ಟುಕೊಳ್ಳೋಣ. ಇದು ಲೆಕ್ಕ ತಿಳಿಯಲು ಮಾಡಿಕೊಂಡ ಉದಾಹರಣೆ ಅಷ್ಟೆ. ಭಾದ್ರಪದ ಮಾಸದಲ್ಲಿ ಜಾಹೀರಾತಿಗೆ 20 ಸಾವಿರ ಹಾಕಿದರು, 12 ಲಕ್ಷದ ವ್ಯಾಪಾರ ಆಯಿತು. ನವರಾತ್ರಿ, ದೀಪಾವಳಿ ಎರಡೂ ಇರುವ ಆಶ್ವಯುಜದಲ್ಲಿ 80 ಸಾವಿರ ಹಾಕಿದರು, 21 ಲಕ್ಷ ಆಯಿತು. ಹೆಚ್ಚಿಗೆ ಹಾಕಿದ್ದು 60 ಸಾವಿರ, ಹೆಚ್ಚಿಗೆ ಬಂದದ್ದು 9 ಲಕ್ಷ. ಒಂದಕ್ಕೆ ಹದಿನೈದು! ಮಗನಿಗೆ ಖುಷಿ, ಜಾಹೀರಾತಿನವರಿಗೆ ಇನ್ನೂ ಖುಷಿ.

ಈಗ ಹಿಂದಿನ ವರ್ಷದ ಪುಸ್ತಕ ತೆಗೆಯಿರಿ. ಆಗ ಜಾಹೀರಾತು ಇರಲೇ ಇಲ್ಲ. ಭಾದ್ರಪದದಲ್ಲಿ 11 ಲಕ್ಷ, ಆಶ್ವಯುಜದಲ್ಲಿ 18 ಲಕ್ಷ 70 ಸಾವಿರ. ಅಂದರೆ ಹಬ್ಬವೊಂದೇ ವ್ಯಾಪಾರವನ್ನು ಶೇಕಡಾ 70ರಷ್ಟು ಏರಿಸಿತ್ತು. ಈ ವರ್ಷದ 12 ಲಕ್ಷಕ್ಕೆ ಅದೇ ಶೇಕಡಾ 70 ಸೇರಿಸಿದರೆ 20 ಲಕ್ಷ 40 ಸಾವಿರ. ಬಂದದ್ದು 21 ಲಕ್ಷ. ಹೆಚ್ಚುವರಿ ಜಾಹೀರಾತಿನ ಹೆಸರಿಗೆ ಬರೆಯಬಹುದಾದದ್ದು 9 ಲಕ್ಷವಲ್ಲ, 60 ಸಾವಿರ. ಅದೂ ಮಾರಾಟ, ಲಾಭವಲ್ಲ. ಬಟ್ಟೆಯಲ್ಲಿ ನೂರಕ್ಕೆ 20 ಉಳಿಯುತ್ತದೆ ಎಂದರೆ ಕೈಗೆ ಬಂದದ್ದು 12 ಸಾವಿರ, ಕೈಬಿಟ್ಟದ್ದು 60 ಸಾವಿರ. ಹಾಕಿದ ದುಡ್ಡು ವಾಪಸು ಬರಬೇಕಾದರೂ ಹಬ್ಬ ತಾನೇ ತರುವುದರ ಮೇಲೆ ಇನ್ನೂ 3 ಲಕ್ಷದ ವ್ಯಾಪಾರ ಆಗಬೇಕಿತ್ತು.

ಎರಡು ಗೆರೆಗಳು ಒಟ್ಟಿಗೆ ಏರುವುದಕ್ಕೆ ಕಾರಣ ಸರಳ. ಹಬ್ಬ ಹತ್ತಿರ ಬಂತೆಂದು ಗಿರಾಕಿ ಅಂಗಡಿಗೆ ಬರುತ್ತಾನೆ. ಹಬ್ಬ ಹತ್ತಿರ ಬಂತೆಂದೇ ನಾವು ಜಾಹೀರಾತಿಗೆ ದುಡ್ಡು ತೆಗೆಯುತ್ತೇವೆ. ಎರಡನ್ನೂ ಎಬ್ಬಿಸುವುದು ಪಂಚಾಂಗ. ಎಷ್ಟೋ ಅಂಗಡಿಗಳಲ್ಲಿ ಇಷ್ಟು ವ್ಯಾಪಾರ ಆದೀತೆಂದು ಮೊದಲೇ ಅಂದಾಜು ಮಾಡಿ, ಅದರ ನೂರಕ್ಕೆ ಮೂರೋ ನಾಲ್ಕೋ ಜಾಹೀರಾತಿಗೆ ಇಡುತ್ತಾರೆ. ಅಲ್ಲಿ ವ್ಯಾಪಾರದ ನಿರೀಕ್ಷೆಯೇ ಜಾಹೀರಾತನ್ನು ಹೆಚ್ಚಿಸಿತು. ಆಮೇಲೆ ಜಾಹೀರಾತು ವ್ಯಾಪಾರವನ್ನು ಹೆಚ್ಚಿಸಿತು ಎಂದರೆ ಬಂಡಿಯ ಹಿಂದೆ ಎತ್ತು ಕಟ್ಟಿದ ಹಾಗೆ.

ಹೋಲಿಸುವಾಗ ಇಂಗ್ಲಿಷ್ ತಿಂಗಳು ಹಿಡಿಯಬಾರದು. 2023ರಲ್ಲಿ ಅಧಿಕ ಶ್ರಾವಣ ಬಂದು ದೀಪಾವಳಿ ನವೆಂಬರ್ ಎರಡನೇ ವಾರಕ್ಕೆ ಹೋಯಿತು. 2025ರಲ್ಲಿ ಅದು ಅಕ್ಟೋಬರ್ 20ರ ಸುಮಾರಿಗೇ ಬಂತು. ಈ ಎರಡು ವರ್ಷಗಳ ಅಕ್ಟೋಬರ್ ವ್ಯಾಪಾರವನ್ನು ಪಕ್ಕಪಕ್ಕ ಇಟ್ಟರೆ ಜಾಹೀರಾತು ಇರಲಿ ಬಿಡಲಿ, ಎರಡನೆಯದು ಉಬ್ಬಿ ಕಾಣುತ್ತದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಲೆಕ್ಕ ಹಿಡಿದರೆ ಈ ಮೋಸ ಇಲ್ಲ. ನಮ್ಮ ಹಿರಿಯರು ತಿಥಿ ಹಾಕಿ ಪುಸ್ತಕ ಬರೆಯುತ್ತಿದ್ದುದರ ಉಪಯೋಗ ಇಲ್ಲಿ ಚೆನ್ನಾಗಿ ಕಾಣುತ್ತದೆ.

"ಪತ್ರಿಕೆ ಜಾಹೀರಾತಿಗೆ ಈ ಮಾತು ಸರಿ, ಮೊಬೈಲಿನಲ್ಲಿ ಹಾಗಲ್ಲ, ಯಾರು ಒತ್ತಿದರು, ಯಾರು ಕೊಂಡರು ಎಲ್ಲ ಗೊತ್ತಾಗುತ್ತದೆ" ಎಂದು ಹುಡುಗರು ಹೇಳುತ್ತಾರೆ. ಒತ್ತಿದವನು ಕೊಂಡದ್ದು ಗೊತ್ತಾಗುತ್ತದೆ, ನಿಜ. ಜಾಹೀರಾತು ಇಲ್ಲದಿದ್ದರೆ ಅವನು ಕೊಳ್ಳುತ್ತಿರಲಿಲ್ಲ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ನಿಮ್ಮ ಅಂಗಡಿಯ ಹೆಸರನ್ನೇ ಹುಡುಕುವವನು ಆಗಲೇ ನಿಮ್ಮ ಗಿರಾಕಿ. ಅವನ ಮುಂದೆ ಜಾಹೀರಾತು ಬಂದು ಅದನ್ನೇ ಒತ್ತಿದರೆ, ಬಾಗಿಲಿಗೆ ಬಂದವನನ್ನು ಕರೆತಂದೆನೆಂದು ದಲ್ಲಾಳಿ ಕಮಿಷನ್ ಕೇಳಿದಂತಾಯಿತು.

ಇದನ್ನು ಅಮೆರಿಕದ ಇ-ಬೇ ಕಂಪನಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿತು. 2012ರಲ್ಲಿ ಅದು ತನ್ನದೇ ಹೆಸರಿನ ಹುಡುಕಾಟಕ್ಕೆ ಕೊಡುತ್ತಿದ್ದ ಜಾಹೀರಾತನ್ನು ಯಾಹೂ ಮತ್ತು ಎಂಎಸ್ಎನ್‌ನಲ್ಲಿ ನಿಲ್ಲಿಸಿತು. ಜಾಹೀರಾತಿನ ಮೂಲಕ ಬರುತ್ತಿದ್ದವರಲ್ಲಿ ಶೇಕಡಾ 99ಕ್ಕೂ ಹೆಚ್ಚು ಮಂದಿ ಅದರ ಕೆಳಗಿನ ಪುಕ್ಕಟೆ ಸಾಲನ್ನು ಒತ್ತಿ ಬಂದರು. ಮುಂದೆ ಬೇರೆ ಪದಗಳಿಗೆ ಗೂಗಲ್‌ನಲ್ಲಿ ಕೊಡುತ್ತಿದ್ದ ಜಾಹೀರಾತನ್ನೂ ದೇಶದ ಕೆಲವು ಪ್ರದೇಶಗಳಲ್ಲಿ ಮಾತ್ರ ನಿಲ್ಲಿಸಿ, ಉಳಿದ ಕಡೆ ಬಿಟ್ಟು ನೋಡಿದರು. ಎರಡೂ ಕಡೆಯ ಮಾರಾಟದಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಹೊಸಬರ ಮೇಲೆ, ಅಪರೂಪಕ್ಕೆ ಕೊಳ್ಳುವವರ ಮೇಲೆ ಜಾಹೀರಾತು ಕೆಲಸ ಮಾಡಿತ್ತು. ದುಡ್ಡಿನ ದೊಡ್ಡ ಪಾಲು ಮಾತ್ರ ಹೇಗಿದ್ದರೂ ಬರುವ ಹಳಬರಿಗೆ ಹೋಗಿತ್ತು. ಅದು ಎಲ್ಲರಿಗೂ ಗೊತ್ತಿದ್ದ ದೊಡ್ಡ ಕಂಪನಿ. ಹೊಸದಾಗಿ ತೆರೆದ ಅಂಗಡಿಗೆ ಅದೇ ಫಲ ಎಂದು ಹೇಳಲಾಗದು, ಅದರ ಹೆಸರನ್ನು ಯಾರಾದರೂ ಹೇಳಲೇಬೇಕಲ್ಲ.

ಇದೇ ಉಪಾಯವನ್ನು ನಮ್ಮ ಅಳತೆಯಲ್ಲೂ ಮಾಡಬಹುದು. ಹುಬ್ಬಳ್ಳಿಯ ಆ ಮನೆತನಕ್ಕೆ ಗದಗಿನಲ್ಲೂ ಅಂಗಡಿ ಇದೆ ಎನ್ನಿ. ಹಳೆಯ ಪುಸ್ತಕ ನೋಡಿದರೆ ಸಾದಾ ದಿನಗಳಲ್ಲೂ ಹಬ್ಬದಲ್ಲೂ ಹುಬ್ಬಳ್ಳಿಯಲ್ಲಿ ಮೂರು ರೂಪಾಯಿ ವ್ಯಾಪಾರವಾದರೆ ಗದಗಿನಲ್ಲಿ ಎರಡು. ಮುಂದಿನ ಹಬ್ಬಕ್ಕೆ ಹುಬ್ಬಳ್ಳಿಯಲ್ಲಿ ಮಾತ್ರ 60 ಸಾವಿರದ ಜಾಹೀರಾತು ಕೊಡಿ, ಗದಗಿನಲ್ಲಿ ಬೇಡ. ಗದಗಿನಲ್ಲಿ 15 ಲಕ್ಷ ಆದರೆ ಹುಬ್ಬಳ್ಳಿಗೆ ಸಹಜವಾಗಿ ಬರಬೇಕಾದದ್ದು 22 ಲಕ್ಷ 50 ಸಾವಿರ. 23 ಲಕ್ಷ ಬಂದರೆ ಜಾಹೀರಾತು ದಂಡ. 26 ಲಕ್ಷ ಬಂದರೆ ಮೂರೂವರೆ ಲಕ್ಷದ ಮೇಲೆ 70 ಸಾವಿರ ಉಳಿದು, ಖರ್ಚು ಕಳೆದು 10 ಸಾವಿರ ಲಾಭ. ಹಬ್ಬ, ಮಳೆ, ಬೆಳೆಯ ಬೆಲೆ, ಬಟ್ಟೆಯ ದರ ಎರಡೂ ಊರಿಗೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅವು ತಾವಾಗಿಯೇ ಲೆಕ್ಕದಿಂದ ಕಳೆದುಹೋಗುತ್ತವೆ.

ತೊಡಕುಗಳೂ ಇವೆ. ಎರಡು ಊರಿಗೂ ಒಂದೇ ಆವೃತ್ತಿ ಬರುವ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ಪರೀಕ್ಷೆ ಕೆಟ್ಟಿತು. ಊರು ಆರಿಸಬಹುದಾದ ಮೊಬೈಲ್ ಜಾಹೀರಾತು, ಕೇಬಲ್ ಟಿವಿ, ಆಟೋ ಮೈಕು ಇದಕ್ಕೆ ಸರಿ. ಒಂದು ಕಡೆ ಇಳಕಲ್ ಸೀರೆಯ ಸ್ಟಾಕ್ ಮುಗಿದಿದ್ದರೆ, ಎದುರಿಗೆ ಹೊಸ ಮಳಿಗೆ ತೆರೆದಿದ್ದರೆ ಅದನ್ನು ಬರೆದಿಡಬೇಕು. ಹಿಂದಿನ ವರ್ಷಗಳಲ್ಲಿ ಆ ಮೂರಕ್ಕೆ ಎರಡರ ಪ್ರಮಾಣವೇ ಎಷ್ಟು ಅತ್ತಿತ್ತ ಆಗುತ್ತಿತ್ತು ಎಂದೂ ನೋಡಬೇಕು. ಜಾಹೀರಾತು ಇಲ್ಲದೆಯೇ ಲಕ್ಷ, ಎರಡು ಲಕ್ಷ ಏರುಪೇರು ಆಗುತ್ತಿದ್ದರೆ 50 ಸಾವಿರದ ವ್ಯತ್ಯಾಸಕ್ಕೆ ಅರ್ಥವಿಲ್ಲ. ಅದರ ಮರುವರ್ಷ ಊರು ಅದಲುಬದಲು ಮಾಡಿದರೆ ನಂಬಿಕೆ ಇನ್ನೂ ಗಟ್ಟಿ.

ಒಂದೇ ಅಂಗಡಿ ಇರುವವರು ಹಬ್ಬವಿಲ್ಲದ ದಿನಗಳಲ್ಲಿ ಎರಡು ವಾರ ಜಾಹೀರಾತು, ಎರಡು ವಾರ ಬಂದ್, ಹೀಗೆ ಮೂರ್ನಾಲ್ಕು ಸಲ ಮಾಡಿ ನೋಡಬಹುದು. ಯಾವ ವಾರ ಹಾಕುವುದೆಂದು ಚೀಟಿ ಎತ್ತಿ ಗೊತ್ತುಮಾಡಿ. ಇಲ್ಲದಿದ್ದರೆ ಮದುವೆ ಮುಹೂರ್ತ ಇರುವ ವಾರಕ್ಕೇ ಕೈ ಹೋಗುತ್ತದೆ. "ಈ ಕೂಪನ್ ತಂದವರಿಗೆ ರಿಯಾಯಿತಿ" ಎಂದು ಎಣಿಸುವುದನ್ನು ನಾನು ಒಪ್ಪುವುದಿಲ್ಲ, ಹೇಗೂ ಬರುವ ಹಳೆಯ ಗಿರಾಕಿಯೇ ಅದನ್ನು ಮೊದಲು ತರುತ್ತಾನೆ. ಅದಕ್ಕಿಂತ ಬಿಲ್ಲಿನ ಮೇಲೆ ಬರೆದುಕೊಂಡ ಫೋನ್ ನಂಬರು ಹಳೆಯ ಪುಸ್ತಕದಲ್ಲಿ ಇದೆಯೇ ಎಂದು ನೋಡಿ, ಜಾಹೀರಾತು ಇದ್ದ ವಾರಗಳಲ್ಲಿ ಹೊಸ ನಂಬರುಗಳು ಎಷ್ಟು, ಇಲ್ಲದ ವಾರಗಳಲ್ಲಿ ಎಷ್ಟು ಎಂದು ಎಣಿಸುವುದು ಮೇಲು.