ಷೇರು ಬಂಡವಾಳದ ವೆಚ್ಚ: ಬೆಳವಣಿಗೆ ದರ ಬದಲಾದರೆ ಲೆಕ್ಕ ಎಷ್ಟು ಬದಲಾಗುತ್ತದೆ?

ಕಂಪನಿ ಬ್ಯಾಂಕಿನಿಂದ ಸಾಲ ಪಡೆದರೆ ಅದಕ್ಕೆ ತಗಲುವ ವೆಚ್ಚ ಸಾಲಪತ್ರದಲ್ಲೇ ಬರೆದಿರುತ್ತದೆ. ಷೇರುದಾರರು ಕೊಟ್ಟ ಹಣಕ್ಕೆ ಅಂಥ ಬಡ್ಡಿದರವಿಲ್ಲ. ಹಾಗೆಂದು ಅದು ಪುಕ್ಕಟೆ ಹಣವೂ ಅಲ್ಲ. ಅಷ್ಟೇ ಅಪಾಯವಿರುವ ಬೇರೆ ಕಡೆ ಹೂಡಿದ್ದರೆ ಎಷ್ಟು ಗಳಿಸಬಹುದಿತ್ತೋ ಅಷ್ಟನ್ನು ಷೇರುದಾರರು ಇಲ್ಲಿಯೂ ನಿರೀಕ್ಷಿಸುತ್ತಾರೆ. ಈ ನಿರೀಕ್ಷೆಯ ದರವೇ ಷೇರು ಬಂಡವಾಳದ ವೆಚ್ಚ. ಅದು ಯಾವ ಕಾಗದದಲ್ಲೂ ಬರೆದಿರುವುದಿಲ್ಲವಾದ್ದರಿಂದ ಷೇರಿನ ಬೆಲೆಯಿಂದ ಅದನ್ನು ಹಿಂದಕ್ಕೆ ಲೆಕ್ಕ ಹಾಕಿ ತೆಗೆಯಬೇಕಾಗುತ್ತದೆ.

ಇದಕ್ಕೊಂದು ದಾರಿ ಡಿವಿಡೆಂಡ್ ಬೆಳವಣಿಗೆ ಮಾದರಿ. ಮೈರನ್ ಗಾರ್ಡನ್ ಮತ್ತು ಎಲೈ ಶಪಿರೊ 1956ರಲ್ಲಿ ಇದನ್ನು ಬಂಡವಾಳದ ವೆಚ್ಚದ ಲೆಕ್ಕಕ್ಕೆ ಬಳಸಿ ತೋರಿಸಿದರು. ಷೇರಿನ ಇಂದಿನ ಬೆಲೆ ಎಂದರೆ ಮುಂದೆ ಬರಲಿರುವ ಎಲ್ಲ ಡಿವಿಡೆಂಡುಗಳ ಇಂದಿನ ಮೌಲ್ಯ ಎಂಬುದು ಇದರ ಆಧಾರ. ಡಿವಿಡೆಂಡ್ ಪ್ರತಿವರ್ಷ ಒಂದೇ ದರದಲ್ಲಿ, ಕೊನೆಯಿಲ್ಲದೆ ಬೆಳೆಯುತ್ತದೆ ಎಂದಿಟ್ಟುಕೊಂಡರೆ ಲೆಕ್ಕ ಒಂದೇ ಸಾಲಿಗೆ ಇಳಿಯುತ್ತದೆ:

```
r = D1 / P0 + g
```

ಇಲ್ಲಿ r ಷೇರು ಬಂಡವಾಳದ ವೆಚ್ಚ, D1 ಮುಂದಿನ ವರ್ಷದ ಡಿವಿಡೆಂಡ್, P0 ಇಂದಿನ ಬೆಲೆ, g ಬೆಳವಣಿಗೆ ದರ. ಬೆಲೆ ಪೇಟೆಯಲ್ಲಿ ಕಾಣುತ್ತದೆ, ಡಿವಿಡೆಂಡ್ ಘೋಷಣೆಯಾಗಿರುತ್ತದೆ. g ಮಾತ್ರ ಎಲ್ಲೂ ಕಾಣುವುದಿಲ್ಲ, ಅದನ್ನು ಊಹಿಸಲೇಬೇಕು.

ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳಬಹುದು. ಅದರ ಷೇರಿನ ಬೆಲೆ 500 ರೂಪಾಯಿ, ಈಗಷ್ಟೇ ಕೊಟ್ಟ ಡಿವಿಡೆಂಡ್ 20 ರೂಪಾಯಿ. ಐದು ವರ್ಷಗಳ ಹಿಂದೆ ಅದು 14 ರೂಪಾಯಿ ಕೊಟ್ಟಿತ್ತು. 14 ರಿಂದ 20ಕ್ಕೆ ಏರಿದ್ದನ್ನು ಚಕ್ರಬಡ್ಡಿಯ ಲೆಕ್ಕದಲ್ಲಿ ನೋಡಿದರೆ ಬೆಳವಣಿಗೆ ವರ್ಷಕ್ಕೆ ಶೇ 7.4. ಆದರೆ ಲೆಕ್ಕವನ್ನು ಒಂದು ವರ್ಷ ತಡವಾಗಿ, ಅಂದರೆ 16 ರೂಪಾಯಿ ಕೊಟ್ಟ ವರ್ಷದಿಂದ ಆರಂಭಿಸಿದರೆ ಅದೇ ಕಂಪನಿಯ ಬೆಳವಣಿಗೆ ಶೇ 5.7ಕ್ಕೆ ಇಳಿಯುತ್ತದೆ. ಇನ್ನೊಂದು ವಿಧಾನ ಕಂಪನಿಯ ಒಳಗಿನ ಅಂಕಿಗಳನ್ನು ನೋಡುತ್ತದೆ. ಷೇರುದಾರರ ಬಂಡವಾಳದ ಮೇಲೆ ಅದು ಶೇ 15 ಲಾಭ ಗಳಿಸಿ, ಲಾಭದಲ್ಲಿ ಶೇ 60ರಷ್ಟನ್ನು ಹಂಚದೆ ಉಳಿಸಿಕೊಂಡು ವ್ಯವಹಾರಕ್ಕೇ ಹಾಕಿದರೆ, ಎರಡರ ಗುಣಲಬ್ಧವಾಗಿ ಶೇ 9 ಬೆಳವಣಿಗೆ ಬರುತ್ತದೆ. ಮೂರು ಉತ್ತರಗಳಿಗೂ ಸಮರ್ಥನೆಯಿದೆ. ಸೂತ್ರಕ್ಕೆ ಹಾಕಿದಾಗ ಶೇ 5.7 ಬೆಳವಣಿಗೆಗೆ ಬಂಡವಾಳದ ವೆಚ್ಚ ಶೇ 9.9, ಶೇ 7.4ಕ್ಕೆ ಶೇ 11.7, ಶೇ 9ಕ್ಕೆ ಶೇ 13.4.

ಹಿಂದಿನ ವರ್ಷಗಳ ಡಿವಿಡೆಂಡ್ ಪಟ್ಟಿ ನೋಡುವಾಗ ಒಂದು ಎಚ್ಚರ ಬೇಕು. ನಡುವೆ ಒಂದಕ್ಕೊಂದರಂತೆ ಬೋನಸ್ ಷೇರು ಕೊಟ್ಟಿದ್ದರೆ ಷೇರುಗಳ ಸಂಖ್ಯೆ ಎರಡರಷ್ಟಾಗಿ, ಪ್ರತಿ ಷೇರಿನ ಡಿವಿಡೆಂಡ್ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಹಳೆಯ ಅಂಕಿಗಳನ್ನೂ ಅರ್ಧ ಮಾಡಿಕೊಳ್ಳದಿದ್ದರೆ, ಚೆನ್ನಾಗಿ ಬೆಳೆಯುತ್ತಿರುವ ಕಂಪನಿಯೂ ಕುಗ್ಗುತ್ತಿದೆ ಎಂಬ ಲೆಕ್ಕ ಬರುತ್ತದೆ.

ಹಾಗಾದರೆ ಊಹೆ ತಪ್ಪಿದರೆ ಉತ್ತರ ಎಷ್ಟು ತಪ್ಪುತ್ತದೆ? ಈ ಕಂಪನಿಯಲ್ಲಿ g ಒಂದು ಅಂಶ ಏರಿದರೆ r 1.04 ಅಂಶ ಏರುತ್ತದೆ. ಒಂದು ಅಂಶ ನೇರವಾಗಿ g ಯಿಂದ, ಉಳಿದ 0.04 ಮುಂದಿನ ವರ್ಷದ ಡಿವಿಡೆಂಡ್ ತುಸು ಹೆಚ್ಚಾಗುವುದರಿಂದ. ಇದೇ ಮಾದರಿಯಿಂದ ಷೇರಿನ ಮೌಲ್ಯ ಕಟ್ಟುವಾಗ ಆಗುವುದಕ್ಕೆ ಹೋಲಿಸಿದರೆ ಇದು ಸೌಮ್ಯ. ವೆಚ್ಚ ಶೇ 12 ಎಂದು ಹಿಡಿದುಕೊಂಡರೆ ಶೇ 8 ಬೆಳವಣಿಗೆಗೆ ಷೇರಿನ ಮೌಲ್ಯ 540 ರೂಪಾಯಿ, ಶೇ 9ಕ್ಕೆ 727 ರೂಪಾಯಿ. ಅಲ್ಲಿ g ಯನ್ನು r ನಿಂದ ಕಳೆದು ಭಾಗಿಸಬೇಕಾದ್ದರಿಂದ ಸಣ್ಣ ತಪ್ಪೂ ಉಬ್ಬುತ್ತದೆ. ವೆಚ್ಚದ ಅಂದಾಜಿನಲ್ಲಿ ತಪ್ಪು ಉಬ್ಬುವುದಿಲ್ಲ, ಆದರೆ ಕರಗುವುದೂ ಇಲ್ಲ; ಹೆಚ್ಚುಕಡಿಮೆ ಇದ್ದಷ್ಟೇ ಉತ್ತರಕ್ಕೆ ಬಂದು ಸೇರುತ್ತದೆ. ಬೆಲೆಗೆ ಹೋಲಿಸಿದರೆ ಡಿವಿಡೆಂಡ್ ಶೇ 1ರ ಆಸುಪಾಸಿನಲ್ಲಿರುವ ಕಂಪನಿಯಲ್ಲಿ ಉತ್ತರದ ಬಹುಪಾಲು ಊಹೆಯೇ ಆಗಿರುತ್ತದೆ, ಅಳೆದು ತೆಗೆದ ಭಾಗ ಅತ್ಯಲ್ಪ.

ಇದರಿಂದ ತೊಂದರೆಯಾಗುತ್ತದೋ ಇಲ್ಲವೋ ಎಂಬುದು ಆ ದರದ ಮೇಲೆ ನಿಂತ ನಿರ್ಧಾರದಿಂದ ತಿಳಿಯುತ್ತದೆ. ಇದೇ ಕಂಪನಿ ಪೂರ್ತಿ ಷೇರು ಬಂಡವಾಳದಿಂದ, ತನ್ನ ಈಗಿನ ವ್ಯವಹಾರದಷ್ಟೇ ಅಪಾಯವಿರುವ ಯೋಜನೆಯೊಂದಕ್ಕೆ 10 ಕೋಟಿ ರೂಪಾಯಿ ಹಾಕಲು ಹೊರಟಿದೆ ಎನ್ನೋಣ. ಯೋಜನೆ ಪ್ರತಿವರ್ಷ 1.2 ಕೋಟಿ ತರುತ್ತದೆ, ಅಂದರೆ ಶೇ 12. ಶೇ 5.7 ಬೆಳವಣಿಗೆಯ ಲೆಕ್ಕದಲ್ಲಿ ಯೋಜನೆ ಸುಮಾರು 2 ಕೋಟಿ ಹೆಚ್ಚುವರಿ ಮೌಲ್ಯ ಕೊಡುತ್ತದೆ. ಶೇ 7.4ರಲ್ಲಿ ಅದು ಕಾಲು ಕೋಟಿಗೆ ಇಳಿಯುತ್ತದೆ. ಶೇ 9ರಲ್ಲಿ ಸುಮಾರು 1 ಕೋಟಿ ನಷ್ಟ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಎಚ್ಚರಿಕೆಯಿಂದ ಇರೋಣವೆಂದು ಬೆಳವಣಿಗೆಯನ್ನು ಕಡಿಮೆ ಊಹಿಸಿದರೆ ಬಂಡವಾಳದ ವೆಚ್ಚವೂ ಕಡಿಮೆಯಾಗಿ, ಯೋಜನೆ ಇನ್ನಷ್ಟು ಚೆನ್ನಾಗಿ ಕಾಣತೊಡಗುತ್ತದೆ! ಕಾರಣ, ಪೇಟೆಯ ಬೆಲೆ ಬದಲಾಗದೆ ಹಾಗೇ ನಿಂತಿದೆ. ಹೂಡಿಕೆದಾರರು ತಮ್ಮದೇ ನಿರೀಕ್ಷೆಯಿಂದ 500 ರೂಪಾಯಿ ಕೊಟ್ಟಿದ್ದಾರೆ. ಆ ಬೆಲೆಯನ್ನು ಇಟ್ಟುಕೊಂಡು ಅವರ ನಿರೀಕ್ಷೆಯನ್ನು ಮಾತ್ರ ಕೆಳಗಿಳಿಸಿದರೆ, ಅವರು ಕಡಿಮೆ ಗಳಿಕೆಗೂ ಒಪ್ಪಿದ್ದಾರೆಂದು ಸೂತ್ರ ಹೇಳುತ್ತದೆ. ಆದ್ದರಿಂದ ಇಲ್ಲಿ ಬೇಕಾದ g ವ್ಯವಸ್ಥಾಪಕರ ಸ್ವಂತ ಅಭಿಪ್ರಾಯವಲ್ಲ, ಷೇರು ಕೊಂಡವರ ಮನಸ್ಸಿನಲ್ಲಿರುವ ದರ.

ಹಾಗಾಗಿ ಮೇಲಕ್ಕೊಂದು ಅಂಶ, ಕೆಳಕ್ಕೊಂದು ಅಂಶ ಸರಿಸಿ ಪಟ್ಟಿ ಮಾಡುವುದಕ್ಕಿಂತ, ನಿರ್ಧಾರ ಯಾವ g ಯಲ್ಲಿ ತಿರುಗಿಬೀಳುತ್ತದೆ ಎಂದು ಹುಡುಕುವುದು ಹೆಚ್ಚು ಉಪಯುಕ್ತ ಪರೀಕ್ಷೆ. r ಶೇ 12 ಆಗಲು g ಎಷ್ಟಿರಬೇಕು? 12ರಿಂದ 4 ಕಳೆದು 1.04ರಿಂದ ಭಾಗಿಸಿದರೆ ಉತ್ತರ ಶೇ 7.7. ಈಗ ಪ್ರಶ್ನೆ ಸ್ಪಷ್ಟ: ಡಿವಿಡೆಂಡ್ ಕೊನೆಯಿಲ್ಲದೆ ಶೇ 7.7ಕ್ಕಿಂತ ವೇಗವಾಗಿ ಬೆಳೆಯುತ್ತದೆಂದು ಹೂಡಿಕೆದಾರರು ನಂಬಿದ್ದಾರೆಯೇ? ಶೇ 7.4ರ ಅಂದಾಜು ಈ ಗಡಿಗೆ ಅಂಟಿಕೊಂಡೇ ಇದೆ. ಅದನ್ನೊಂದೇ ನೆಚ್ಚಿ ಯೋಜನೆಗೆ ಒಪ್ಪಿಗೆ ಕೊಡುವುದು ಸಾಹಸ.

ಶೇ 9 ಐದು ವರ್ಷ ಸಾಧ್ಯವಿರಬಹುದು, ಕೊನೆಯಿಲ್ಲದೆ ಸಾಧ್ಯವಾಗುವುದು ಕಷ್ಟ. ದೇಶದ ಆರ್ಥಿಕತೆಗಿಂತ ವೇಗವಾಗಿ ಎಂದೆಂದಿಗೂ ಬೆಳೆಯುವ ಕಂಪನಿ ಕೊನೆಗೆ ಆರ್ಥಿಕತೆಯನ್ನೇ ಮೀರಬೇಕಾಗುತ್ತದೆ. ಅದಕ್ಕಾಗಿ ಎರಡು ಹಂತದ ಲೆಕ್ಕವಿದೆ. ಮೊದಲ ಐದು ವರ್ಷ ಶೇ 9, ಆಮೇಲೆ ಶೇ 6 ಎಂದಿಟ್ಟರೆ, ಡಿವಿಡೆಂಡುಗಳ ಮೌಲ್ಯವನ್ನು 500 ರೂಪಾಯಿಗೆ ಸರಿದೂಗಿಸುವ ದರ ಸುಮಾರು ಶೇ 10.8. ಯೋಜನೆ ಮತ್ತೆ ಗೆಲ್ಲುತ್ತದೆ, ಆದರೆ ಈ ಸಲ ದೂರದ ಶೇ 6ರ ಊಹೆಯನ್ನು ನೆಚ್ಚಿಕೊಂಡು. ಅಮೆರಿಕದ ಫೆಡರಲ್ ಇಂಧನ ನಿಯಂತ್ರಣ ಆಯೋಗ 2014ರಲ್ಲಿ ನ್ಯೂ ಇಂಗ್ಲೆಂಡಿನ ವಿದ್ಯುತ್ ಪ್ರಸರಣ ಕಂಪನಿಗಳ ಪ್ರಕರಣದಲ್ಲಿ ಇಂಥದೇ ದಾರಿ ಹಿಡಿಯಿತು. ವಿಶ್ಲೇಷಕರ ಅಲ್ಪಾವಧಿ ಅಂದಾಜಿಗೆ ಮೂರರಲ್ಲಿ ಎರಡು ಪಾಲು ತೂಕ, ದೇಶದ ಜಿಡಿಪಿಯ ದೀರ್ಘಾವಧಿ ಬೆಳವಣಿಗೆಗೆ ಒಂದು ಪಾಲು. ಆ ಆದೇಶ ಕಂಪನಿಗಳ ಮೂಲ ಪ್ರತಿಫಲ ದರವನ್ನು ಶೇ 11.14ರಿಂದ 10.57ಕ್ಕೆ ಇಳಿಸಿತು, 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು.

ಡಿವಿಡೆಂಡನ್ನೇ ಕೊಡದ ಕಂಪನಿಗೆ ಈ ಸೂತ್ರ ಹೊಂದುವುದಿಲ್ಲ. ಷೇರು ಮರುಖರೀದಿಯ ಮೂಲಕವೂ ಹಣ ಹಿಂದಿರುಗಿಸುವ ಕಂಪನಿಗಳಲ್ಲಿ ಡಿವಿಡೆಂಡೊಂದೇ ಪೂರ್ತಿ ಕತೆ ಹೇಳುವುದಿಲ್ಲ. ಬೆಂಗಳೂರಿನ ಇನ್ಫೊಸಿಸ್ 2017ರಲ್ಲಿ 13,000 ಕೋಟಿ ರೂಪಾಯಿಯ ಮರುಖರೀದಿ ಮಾಡಿತ್ತು. ಅಂಥ ಕಡೆ ಮರುಖರೀದಿಯ ಹಣವನ್ನೂ ಸೇರಿಸಿ, ಪ್ರತಿ ಷೇರಿನ ಬದಲು ಇಡೀ ಕಂಪನಿಯ ಮೌಲ್ಯ ಹಾಗೂ ಒಟ್ಟು ಹಂಚಿಕೆಯನ್ನು ಹಿಡಿದು ಲೆಕ್ಕ ಮಾಡುತ್ತಾರೆ.