ಸಾಲದ ಲೆಕ್ಕ ಆಸ್ತಿಯ ಬದಿಯಲ್ಲೂ ಇದೆ

ಒಂದು ಕಂಪನಿಯ ಬಳಿ ಒಂದು ನಿರ್ದಿಷ್ಟ ದಿನದಂದು ಏನೇನಿದೆ ಮತ್ತು ಅದನ್ನೆಲ್ಲ ಯಾರ ಹಣದಿಂದ ಕೂಡಿಸಲಾಗಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವ ಪಟ್ಟಿಗೆ ಬ್ಯಾಲೆನ್ಸ್ ಶೀಟ್ ಎಂದು ಹೆಸರು. ಭಾರತದ ಬಹುತೇಕ ಕಂಪನಿಗಳಲ್ಲಿ ಆ ದಿನ ಮಾರ್ಚ್ 31. ಕಟ್ಟಡ, ಯಂತ್ರ, ದಾಸ್ತಾನು, ಬ್ಯಾಂಕಿನಲ್ಲಿರುವ ನಗದು, ಬೇರೆಯವರಿಂದ ಬರಬೇಕಾದ ಹಣ ಇವೆಲ್ಲ ಆಸ್ತಿಯ ಭಾಗದಲ್ಲಿ ಬರುತ್ತವೆ. ಅವುಗಳಿಗೆ ಹಣ ಒದಗಿಸಿದವರ ಲೆಕ್ಕ ಇನ್ನೊಂದು ಭಾಗದಲ್ಲಿದ್ದು, ಅದರಲ್ಲಿ ಹೊರಗಿನವರಿಗೆ ತೀರಿಸಬೇಕಾದದ್ದು ಹೊಣೆ, ಉಳಿದದ್ದು ಷೇರುದಾರರ ಸ್ವಂತ ಬಂಡವಾಳ. ಎರಡೂ ಭಾಗಗಳ ಮೊತ್ತ ಸದಾ ಸಮನಾಗಿರುತ್ತದೆಯಾದ್ದರಿಂದ, ಮೊತ್ತ ಹೊಂದಿತೆಂಬುದು ಕಂಪನಿ ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹೊಸಬರು ಸಾಮಾನ್ಯವಾಗಿ ಹೊಣೆಯ ಭಾಗದಲ್ಲಿ ‘ಸಾಲ’ ಎಂದು ಬರೆದಿರುವ ಒಂದು ಸಾಲನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರುತ್ತಾರೆ, ಆದರೆ ಸಾಲವು ಆ ಪುಟದಲ್ಲಿ ಒಂದೇ ಕಡೆ ಕೂತಿರುವುದಿಲ್ಲ. ಒಂದು ವರ್ಷದ ನಂತರ ತೀರಿಸಬೇಕಾದ ದೀರ್ಘಾವಧಿ ಸಾಲ ಒಂದೆಡೆಯೂ, ವರ್ಷದೊಳಗೆ ತೀರಿಸಬೇಕಾದ ಅಲ್ಪಾವಧಿ ಸಾಲ ‘ಚಾಲ್ತಿ ಹೊಣೆಗಳು’ ಎಂಬ ಇನ್ನೊಂದೆಡೆಯೂ ಇರುತ್ತವೆ. ದೀರ್ಘಾವಧಿ ಸಾಲದಲ್ಲಿ ಈ ವರ್ಷವೇ ಕಟ್ಟಬೇಕಾದ ಕಂತು ಹಿಂದೆ ‘ಇತರ ಹಣಕಾಸು ಹೊಣೆಗಳು’ ಎಂಬ ಶೀರ್ಷಿಕೆಯೊಳಗೆ ಅಡಗಿ ಕೂರುತ್ತಿತ್ತು. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅದನ್ನು ಅಲ್ಪಾವಧಿ ಸಾಲದ ಜೊತೆಗೇ ತೋರಿಸಬೇಕು. ಹಳೆಯ ವರ್ಷಗಳ ಪಟ್ಟಿಯನ್ನು ಓದುವವರು ಈ ವ್ಯತ್ಯಾಸವನ್ನು ಮರೆತರೆ ಸಾಲ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

ಲೆಕ್ಕವನ್ನು ಒಂದು ಕಲ್ಪಿತ ಕಂಪನಿಯ ಮೇಲೆ ಮಾಡಿ ನೋಡಬಹುದು. ಅದರ ಒಟ್ಟು ಆಸ್ತಿ 1,600 ಕೋಟಿ ರೂಪಾಯಿ ಎಂದಿರಲಿ. ದೀರ್ಘಾವಧಿ ಸಾಲ 600 ಕೋಟಿ, ವರ್ಷದೊಳಗೆ ತೀರಿಸಬೇಕಾದ ಸಾಲ 300 ಕೋಟಿ, ಸರಕು ಕೊಟ್ಟ ವ್ಯಾಪಾರಿಗಳಿಗೆ ಕೊಡಬೇಕಾದ ಬಾಕಿ 200 ಕೋಟಿ. ಉಳಿದ 500 ಕೋಟಿ ಷೇರುದಾರರದ್ದು. ವ್ಯಾಪಾರಿಗಳ ಬಾಕಿಗೆ ಸಾಮಾನ್ಯವಾಗಿ ಬಡ್ಡಿ ಇಲ್ಲದಿರುವುದರಿಂದ ಅದನ್ನು ಬದಿಗಿಟ್ಟರೆ ಸಾಲ 900 ಕೋಟಿ, ಅಂದರೆ ಸ್ವಂತ ಬಂಡವಾಳದ ಪ್ರತಿ ರೂಪಾಯಿಗೆ 1.80 ರೂಪಾಯಿ ಸಾಲ. ಸಾಲ ಮತ್ತು ಸ್ವಂತ ಬಂಡವಾಳದ ಅನುಪಾತ ಎಂದು ಕರೆಯುವುದು ಇದನ್ನೇ. ಇದು ಹೆಚ್ಚೋ ಕಡಿಮೆಯೋ ಎಂಬುದು ಉದ್ಯಮವನ್ನು ಅವಲಂಬಿಸಿದ್ದು, ವಿದ್ಯುತ್ ಕಂಪನಿಗೆ ಸಹಜವೆನಿಸುವ ಪ್ರಮಾಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕಂಡರೆ ಗಾಬರಿಪಡಬೇಕು. ಬ್ಯಾಂಕುಗಳಿಗಂತೂ ಈ ಅಳತೆಗೋಲು ಅನ್ವಯಿಸುವುದೇ ಇಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಓದು ಅರ್ಧ ಮಾತ್ರ ಆದಂತೆ, ಏಕೆಂದರೆ ಆ 500 ಕೋಟಿಯ ಸ್ವಂತ ಬಂಡವಾಳ ನಿಜವಾಗಿ ಇದೆಯೇ ಎಂಬುದನ್ನು ಆಸ್ತಿಯ ಭಾಗವೇ ಹೇಳಬೇಕು. ಅದೇ ಕಂಪನಿಯ ಆಸ್ತಿಯಲ್ಲಿ ಕಟ್ಟಡ ಮತ್ತು ಯಂತ್ರ 950 ಕೋಟಿ, ದಾಸ್ತಾನು ಮತ್ತು ಗ್ರಾಹಕರ ಬಾಕಿ 200 ಕೋಟಿ, ನಗದು 100 ಕೋಟಿ, ಕೊನೆಗೆ ಪ್ರವರ್ತಕರದ್ದೇ ಆದ ಬೇರೊಂದು ಕಂಪನಿಗೆ ಕೊಟ್ಟ ಮುಂಗಡ 350 ಕೋಟಿ ಎಂದುಕೊಳ್ಳಬಹುದು. ಪ್ರವರ್ತಕರೆಂದರೆ ಕಂಪನಿಯನ್ನು ಕಟ್ಟಿ ನಡೆಸುವವರು. ಆ ಮುಂಗಡ ಮರಳಿ ಬಾರದಿದ್ದರೆ ನಷ್ಟ ಸಾಲ ಕೊಟ್ಟವರ ಮೇಲಲ್ಲ, ಮೊದಲು ಷೇರುದಾರರ ಮೇಲೆ ಬೀಳುತ್ತದೆ. ಸ್ವಂತ ಬಂಡವಾಳ 150 ಕೋಟಿಗೆ ಇಳಿಯುತ್ತದೆ, ಸಾಲ ಒಂದು ರೂಪಾಯಿಯೂ ಹೆಚ್ಚದೆ ಅನುಪಾತ 1.8ರಿಂದ 6ಕ್ಕೆ ಜಿಗಿಯುತ್ತದೆ. ವರ್ಷದೊಳಗೆ ಕೊಡಬೇಕಾದದ್ದು 500 ಕೋಟಿ, ಕೈಗೆಟುಕುವ ನಗದು, ದಾಸ್ತಾನು ಮತ್ತು ಬಾಕಿ ಸೇರಿ 300 ಕೋಟಿ. ಬ್ಯಾಂಕು ಹಳೆಯ ಸಾಲವನ್ನು ನವೀಕರಿಸಲು ಒಪ್ಪದ ದಿನ 200 ಕೋಟಿಯ ಕೊರತೆ ಎದುರಾಗುತ್ತದೆ.

ಕರ್ನಾಟಕದ ಓದುಗರಿಗೆ ಇದರ ನಿಜವಾದ ಉದಾಹರಣೆ ದೂರದ್ದೇನಲ್ಲ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಅಂಗಡಿ ತೆರೆದ ಕೆಫೆ ಕಾಫಿ ಡೇಯ ಮಾತೃಸಂಸ್ಥೆ ಕಾಫಿ ಡೇ ಎಂಟರ್‌ಪ್ರೈಸಸ್, 2015ರಲ್ಲಿ ಷೇರೊಂದಕ್ಕೆ 328 ರೂಪಾಯಿಯಂತೆ ಸಾರ್ವಜನಿಕರಿಂದ 1,150 ಕೋಟಿ ಸಂಗ್ರಹಿಸಿತು. 2019ರ ಮಾರ್ಚ್ 31ಕ್ಕೆ ಸಮೂಹದ ಕ್ರೋಡೀಕೃತ ಸಾಲ, ಅಂದರೆ ಅಂಗಸಂಸ್ಥೆಗಳನ್ನೂ ಸೇರಿಸಿದ ಸಾಲ, ಸುಮಾರು 7,200 ಕೋಟಿ ರೂಪಾಯಿಯಷ್ಟಿತ್ತು. ಅದೇ ವರ್ಷದ ಜುಲೈ ಕೊನೆಯಲ್ಲಿ ಸ್ಥಾಪಕ ವಿ.ಜಿ. ಸಿದ್ಧಾರ್ಥ ನಿಧನರಾದ ಬಳಿಕ ಕಂಪನಿಯ ಮಂಡಳಿ ನಡೆಸಿದ ತನಿಖೆಯ ಫಲಿತಾಂಶ 2020ರ ಜುಲೈನಲ್ಲಿ ಹೊರಬಂದಾಗ, ಸಿದ್ಧಾರ್ಥರ ಖಾಸಗಿ ಸಂಸ್ಥೆಯಾದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ನಿಂದ ಅಂಗಸಂಸ್ಥೆಗಳಿಗೆ 3,535 ಕೋಟಿ ಬರಬೇಕಾಗಿದೆ ಎಂದು ತಿಳಿಯಿತು. ಇದರಲ್ಲಿ 842 ಕೋಟಿ 2019ರ ಮಾರ್ಚ್ 31ರ ಲೆಕ್ಕದಲ್ಲೇ ಇತ್ತು, 2,693 ಕೋಟಿ ಅದರ ಮೇಲಿನದು.

ಈ ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. 842 ಕೋಟಿ ಹೊಣೆಯ ಭಾಗದಲ್ಲಿ ಇರಲಿಲ್ಲ, ಬರಬೇಕಾದ ಹಣವೆಂದು ಆಸ್ತಿಯಾಗಿಯೇ ಗಣನೆಯಾಗಿತ್ತು, ಆದ್ದರಿಂದ ಸಾಲದ ಸಾಲುಗಳನ್ನಷ್ಟೇ ಕೂಡಿದವರಿಗೆ ಅದು ಸಮಸ್ಯೆಯಾಗಿ ಕಾಣುವ ಮಾತೇ ಇರಲಿಲ್ಲ. 2,693 ಕೋಟಿಯಾದರೋ ಆ ಮಾರ್ಚ್ 31ರ ಪಟ್ಟಿಯನ್ನು ಎಷ್ಟು ಎಚ್ಚರದಿಂದ ಓದಿದರೂ ಸಿಗುವಂಥದ್ದಲ್ಲ. ಬ್ಯಾಲೆನ್ಸ್ ಶೀಟಿನ ಮಿತಿ ಇರುವುದೇ ಅಲ್ಲಿ. ಅಂಗಸಂಸ್ಥೆಗಳ ಹಣ ಹೀಗೆ ಪ್ರವರ್ತಕರ ಸಂಸ್ಥೆಗೆ ಹೋದದ್ದಕ್ಕಾಗಿ ಸೆಬಿ 2023ರ ಜನವರಿಯಲ್ಲಿ ಕಂಪನಿಗೆ 26 ಕೋಟಿ ರೂಪಾಯಿ ದಂಡ ವಿಧಿಸಿ ಆದೇಶ ಹೊರಡಿಸಿತು.

ಇನ್ನೊಂದು ಭಾರವೂ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದಿಲ್ಲ. ಪ್ರವರ್ತಕರು ತಮ್ಮ ಷೇರುಗಳನ್ನು ಅಡವಿಟ್ಟು ಪಡೆದ ಸಾಲ ಕಂಪನಿಯದ್ದಲ್ಲ, ಆದರೆ ಅವರು ತೀರಿಸಲಾಗದಿದ್ದಾಗ ಸಾಲ ಕೊಟ್ಟವರು ಆ ಷೇರುಗಳನ್ನು ಮಾರುಕಟ್ಟೆಯಲ್ಲಿ ಮಾರುತ್ತಾರೆ. ಕಾಫಿ ಡೇ ಪ್ರವರ್ತಕರ ಷೇರುಗಳಲ್ಲೂ ದೊಡ್ಡ ಪಾಲು ಅಡವಾಗಿತ್ತು. ಷೇರು ವಿನಿಮಯ ಕೇಂದ್ರಗಳ ಜಾಲತಾಣದಲ್ಲಿ ಮೂರು ತಿಂಗಳಿಗೊಮ್ಮೆ ಪ್ರಕಟವಾಗುವ ಷೇರುದಾರಿಕೆ ವಿವರದಲ್ಲಿ ಅಡವಿನ ಪ್ರಮಾಣ ಇರುತ್ತದೆ, ಅದನ್ನು ನೋಡಲು ದಲ್ಲಾಳಿಯ ನೆರವೂ ಬೇಕಿಲ್ಲ.

ಕಾಫಿ ಡೇ ಸಾಲ ಇಳಿದ ಬಗೆಯೂ ಪಾಠವೇ. ಮೈಂಡ್‌ಟ್ರೀಯಲ್ಲಿ ಸಿದ್ಧಾರ್ಥ ಮತ್ತು ಅವರ ಕಂಪನಿಗಳಿಗಿದ್ದ ಸುಮಾರು ಶೇ 20ರಷ್ಟು ಷೇರುಗಳು 2019ರಲ್ಲಿ ಎಲ್ ಅಂಡ್ ಟಿ ಕೈಸೇರಿದವು, ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಮಾರಾಟವಾಯಿತು, 2022ರ ಮಾರ್ಚ್ ಹೊತ್ತಿಗೆ ಸಾಲ ಸುಮಾರು 1,800 ಕೋಟಿಗೆ ಬಂತು. ಕಾಫಿ ಮಾರಿದ ಲಾಭಕ್ಕಿಂತ ಹೆಚ್ಚಾಗಿ ಆಸ್ತಿ ಮಾರಿದ ಹಣ ಈ ಸಾಲ ತೀರಿಸಿತೆಂದರೆ ತಪ್ಪಾಗದು. ಮಾರಿದರೆ ಹಣ ಬರುವ ಆಸ್ತಿ ಮತ್ತು ಪ್ರವರ್ತಕರ ಸಂಸ್ಥೆಯಿಂದ ಬರಬೇಕಾದ ಬಾಕಿ ಎರಡೂ ಪಟ್ಟಿಯಲ್ಲಿ ಒಂದೇ ಅಂಕಣದಲ್ಲಿ ಕೂಡಿಕೊಂಡಿದ್ದರೂ, ಸಂಕಟದ ದಿನ ಅವುಗಳ ಬೆಲೆ ಒಂದೇ ಆಗಿರುವುದಿಲ್ಲ.

ಮನೆಯಲ್ಲಿ ಕೂತು ಮೊದಲ ಬಾರಿಗೆ ವಾರ್ಷಿಕ ವರದಿಯನ್ನು ತೆರೆಯುವವರು ಕಂಪನಿಯ ಪ್ರತ್ಯೇಕ ಲೆಕ್ಕವನ್ನಲ್ಲ, ಕ್ರೋಡೀಕೃತ ಲೆಕ್ಕವನ್ನು ಓದಲಿ. ಸಾಲ ಹಲವು ವೇಳೆ ಅಂಗಸಂಸ್ಥೆಗಳಲ್ಲೇ ಇರುತ್ತದೆ. ಆಮೇಲೆ ಟಿಪ್ಪಣಿಗಳಲ್ಲಿ ‘ಸಂಬಂಧಿತ ಪಕ್ಷಗಳ ವ್ಯವಹಾರ’ ಮತ್ತು ಬೇರೆಯವರ ಸಾಲಕ್ಕೆ ಕಂಪನಿ ಕೊಟ್ಟ ಜಾಮೀನನ್ನು ತಿಳಿಸುವ ‘ಸಂಭವನೀಯ ಹೊಣೆಗಳು’ ಎಂಬ ಎರಡನ್ನು ಹುಡುಕಿ ಓದಬೇಕು. ಪ್ರವರ್ತಕರ ಸಂಸ್ಥೆಗಳಿಂದ ಬರಬೇಕಾದ ಹಣವನ್ನು ಸ್ವಂತ ಬಂಡವಾಳದಿಂದ ಕಳೆದು ಅನುಪಾತವನ್ನು ಮತ್ತೊಮ್ಮೆ ಲೆಕ್ಕ ಹಾಕಿದಾಗ ಅದು ದುಪ್ಪಟ್ಟಾದರೆ, ಆ ಕಂಪನಿಯ ಷೇರನ್ನು ಕೊಳ್ಳದಿರುವುದೇ ಲೇಸು.